ಸ್ಕೋರ್ ನಾಲ್ಕು, ಬ್ಯಾಂಕ್ ನೋಡುವುದು ಯಾವುದು?

ದಾವಣಗೆರೆಯ ಒಬ್ಬ ಶಿಕ್ಷಕಿ ಗೃಹಸಾಲ ಕೇಳಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ನೋಡಿದಾಗ ಅವರ ಎಕ್ಸ್‌ಪೀರಿಯನ್ ಸ್ಕೋರ್ 781. ಬ್ಯಾಂಕಿನವರು ತೆಗೆಸಿದ ಸಿಬಿಲ್ ಸ್ಕೋರ್ ಮಾತ್ರ 728. ಆಕೆ ಒಂದು ಕಂತನ್ನೂ ತಪ್ಪಿಸಿದವರಲ್ಲ. ಹಾಗಾದರೆ ಸುಳ್ಳು ಯಾವುದು? ಎರಡೂ ಸುಳ್ಳಲ್ಲ.

ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಕ್ರೆಡಿಟ್ ಬ್ಯೂರೋಗಳು ನಮ್ಮಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸ್ಕೋರ್ 300ರಿಂದ 900ರೊಳಗೆ ಇರುತ್ತದೆ. ಆದರೆ ತಡವಾದ ಕಂತಿಗೆ ಎಷ್ಟು ತೂಕ, ಕ್ರೆಡಿಟ್ ಕಾರ್ಡಿನ ಬಾಕಿಗೆ ಎಷ್ಟು ತೂಕ ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು. ಹತ್ತಿಪ್ಪತ್ತು ಅಂಕದ ವ್ಯತ್ಯಾಸ ಇಲ್ಲಿಂದಲೇ ಬಂದಿರಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ದೊಡ್ಡ ಅಂತರಕ್ಕೆ ಕಾರಣವನ್ನು ವರದಿಯೊಳಗೆ ಹುಡುಕಬೇಕು. 2015ರಲ್ಲೇ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಸಂಸ್ಥೆಗಳೆಲ್ಲ ನಾಲ್ಕೂ ಬ್ಯೂರೋಗಳ ಸದಸ್ಯರಾಗಿ ಮಾಹಿತಿ ಕೊಡಬೇಕೆಂದು ಆದೇಶಿಸಿತು. ಹಾಗಿದ್ದರೂ ಹೆಸರಿನ ಕಾಗುಣಿತವೋ ಪ್ಯಾನ್ ಸಂಖ್ಯೆಯೋ ತಾಳೆಯಾಗದಿದ್ದರೆ ಒಂದು ಬ್ಯೂರೋ ಆ ಸಾಲವನ್ನು ನಿಮ್ಮ ಖಾತೆಗೆ ಸೇರಿಸದೆ ಬಿಡಬಹುದು. ನಮ್ಮ ಶಿಕ್ಷಕಿ ಸ್ಕೂಟರ್ ಸಾಲ ತೀರಿಸಿದ್ದು ಒಂದು ವರದಿಯಲ್ಲಿ ಮುಗಿದ ಸಾಲವಾಗಿ ಕಂಡರೆ, ಇನ್ನೊಂದರಲ್ಲಿ ಚಾಲ್ತಿಯಲ್ಲೇ ಉಳಿದಿರಬಹುದು.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಕಾರಣವಿದೆ. ನೀವು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ಯಾವ ಬ್ಯೂರೋವನ್ನು ಕೇಳಿತೋ ಅಲ್ಲಿ ಮಾತ್ರ ಆ ವಿಚಾರಣೆ ದಾಖಲಾಗುತ್ತದೆ. ಶಿಕ್ಷಕಿ ಒಂದೇ ತಿಂಗಳಲ್ಲಿ ಮೂರು ಕಡೆ ಅರ್ಜಿ ಹಾಕಿ, ಮೂವರೂ ಸಿಬಿಲ್ ಅನ್ನೇ ಕೇಳಿದ್ದರೆ, ಅಲ್ಲಿ ಅಂಕ ಇಳಿದು ಉಳಿದೆಡೆ ಹಾಗೇ ಇರುತ್ತದೆ. ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ.

ಇನ್ನು ಬ್ಯಾಂಕ್ ನಂಬುವ ಅಂಕಿ ಯಾವುದು? ಇಂಥದೇ ಬ್ಯೂರೋ ಎಂದು ರಿಸರ್ವ್ ಬ್ಯಾಂಕ್ ಹೇಳಿಲ್ಲ, ಕನಿಷ್ಠ ಅಂಕವನ್ನೂ ಗೊತ್ತುಮಾಡಿಲ್ಲ. ಬಹಳಷ್ಟು ಬ್ಯಾಂಕುಗಳು ಸಿಬಿಲ್ ನೋಡುತ್ತವೆ. ಕೆಲವು ಗೃಹಸಾಲದ ಬಡ್ಡಿದರವನ್ನೇ ಅದಕ್ಕೆ ಜೋಡಿಸಿವೆ. ಎರಡು ಬ್ಯೂರೋಗಳ ವರದಿ ತರಿಸಿ ನೋಡುವವರೂ ಇದ್ದಾರೆ. ಅದರ ಮೇಲೆ ಸಂಬಳ, ಇರುವ ಕಂತುಗಳನ್ನು ಸೇರಿಸಿ ಬ್ಯಾಂಕ್ ತನ್ನದೇ ಲೆಕ್ಕ ಹಾಕುತ್ತದೆ. ಆದ್ದರಿಂದ ಆ್ಯಪ್ ತೋರಿಸುವ ಅಂಕಿಯನ್ನು ನಂಬಿ ಮನೆಗೆ ಮುಂಗಡ ಕೊಡುವುದು ಸರಿಯಲ್ಲ. ಅರ್ಜಿಗೆ ಮೊದಲೇ ಸಾಲ ವಿಭಾಗದವರನ್ನು, "ನೀವು ಯಾವ ಬ್ಯೂರೋ ನೋಡುತ್ತೀರಿ?" ಎಂದು ಕೇಳಿ.

ನಾಲ್ಕೂ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತರಿಸಿಕೊಂಡು ಸಾಲಗಳ ಸಾಲುಗಳನ್ನು ಒಂದಕ್ಕೊಂದು ತಾಳೆ ನೋಡಿ. ತಪ್ಪಿದ್ದರೆ ಆಯಾ ಬ್ಯೂರೋಗೆ ದೂರು ಕೊಡಿ. 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.