ರಾಗಿಯ ಮೂರು ಬಿತ್ತನೆ ಕ್ರಮಗಳು: ಮಾಗಡಿ ಸೀಮೆಯ ಒಂದು ಪ್ರಾತ್ಯಕ್ಷಿಕೆಯ ವರದಿ

ರಾಗಿಯನ್ನು ಕೈಯಿಂದ ಚೆಲ್ಲಿ ಬಿತ್ತುವುದು, ಕೂರಿಗೆಯಿಂದ ಸಾಲಿನಲ್ಲಿ ಬಿತ್ತುವುದು, ಗುಣಿ ತೋಡಿ ಸಸಿ ನಾಟಿ ಮಾಡುವುದು ಎಂಬ ಮೂರು ಕ್ರಮಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಗ್ರಾಮಗಳ ಯಜಮಾನರು ಇಲಾಖೆಯವರನ್ನು ಆಗಾಗ ಕೇಳುತ್ತಿರುತ್ತಾರೆ. ಇದಕ್ಕೆ ಬಾಯಿಮಾತಿನ ಉತ್ತರಕ್ಕಿಂತ ತೂಕದ ಉತ್ತರವೇ ಲೇಸೆಂದು 2024ನೆಯ ಇಸವಿಯ ಮುಂಗಾರಿನಲ್ಲಿ ಮಾಗಡಿ ಸೀಮೆಯ ಒಂದು ಗ್ರಾಮದ ಕೆಂಪು ಹೊಲದಲ್ಲಿ ಮೂರು ತಾಕುಗಳನ್ನು ಹಾಕಲಾಯಿತು. ತಾಕು ಒಂದಕ್ಕೆ ಹತ್ತು ಗುಂಟೆ. ಅವುಗಳ ವಿವರವನ್ನು ವಾಚಕರ ಮುಂದಿಡುತ್ತೇನೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಬಿತ್ತನೆಯ ಕ್ರಮವೊಂದನ್ನು ಬಿಟ್ಟು ಉಳಿದುದೆಲ್ಲವೂ ಒಂದೇ ಸಮನಾಗಿರಬೇಕು. ಹೊಲವು ಮೇಲಿನಿಂದ ಕೆಳಕ್ಕೆ ಸ್ವಲ್ಪ ಇಳಿಜಾರಾಗಿದ್ದಿತು. ಇಂತಹ ಹೊಲದಲ್ಲಿ ಮಳೆಯ ನೀರು ಮೇಲಿನ ಸಾರವನ್ನು ಕೊಚ್ಚಿ ತಗ್ಗಿಗೆ ತರುತ್ತದೆ. ತಾಕುಗಳನ್ನು ಒಂದರ ಕೆಳಗೊಂದು ಹಾಕಿದ್ದರೆ ತಗ್ಗಿನ ತಾಕೇ ಗೆಲ್ಲುತ್ತಿದ್ದಿತು. ಆ ಗೆಲವು ಮಣ್ಣಿನದೇ ಹೊರತು ಬಿತ್ತನೆಯದಲ್ಲ. ಆದುದರಿಂದ ತಲೆಯಿಂದ ಬುಡದವರೆಗೆ ಉದ್ದವಾದ ಮೂರು ಪಟ್ಟಿಗಳನ್ನು ಮಾಡಿ, ಪ್ರತಿಯೊಂದಕ್ಕೂ ಎತ್ತರವೂ ತಗ್ಗೂ ಸಮನಾಗಿ ಬರುವಂತೆ ಅಳೆಯಲಾಯಿತು. ಹಿಂದಿನ ವರ್ಷ ಇಡೀ ಹೊಲದಲ್ಲಿ ಹುರುಳಿಯೊಂದೇ ಇದ್ದಿತು. ಬೀಜವು ಮೂರಕ್ಕೂ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ.ಯು. 28 ಎಂಬ ತಳಿ. ಇದು ಬೆಂಕಿ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಮೂರು ತಾಕುಗಳಿಗೂ ಮುಕ್ಕಾಲು ಟನ್ನಿನಂತೆ ಕೊಟ್ಟಿಗೆ ಗೊಬ್ಬರವನ್ನೂ, ಎಕರೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಬೀಳುವ ಲೆಕ್ಕದಲ್ಲಿ ರಸಗೊಬ್ಬರವನ್ನೂ ಕೊಡಲಾಯಿತು.

ಮೊದಲನೆಯ ತಾಕಿನಲ್ಲಿ ಊರಿನ ರೂಢಿಯಂತೆ ಒಂದೂಕಾಲು ಕಿಲೋ ಬೀಜವನ್ನು ಚೆಲ್ಲಿ, ಪೈರು ಎದ್ದ ಮೇಲೆ ಎರಡು ಸಲ ಹಲುಬೆ ಹಾಯಿಸಿದರು. ಎರಡನೆಯದರಲ್ಲಿ ಒಂದು ಅಡಿ ಅಂತರದ ಸಾಲುಗಳಲ್ಲಿ ಒಂದು ಕಿಲೋ ಬೀಜವನ್ನು ಕೂರಿಗೆಯಿಂದ ಬಿತ್ತಿದರು. ರಾಗಿಯ ಕಾಳು ಬಹು ಸಣ್ಣದಾದುದರಿಂದ ಜರಡಿ ಹಿಡಿದ ಒಣಗೊಬ್ಬರವನ್ನು ಬೆರೆಸಿ ಬಿತ್ತಿದರೆ ಕೈ ಹತೋಟಿಗೆ ಬರುತ್ತದೆ. ಇಲ್ಲವಾದರೆ ಸಾಲಿನ ಮೊದಲಲ್ಲಿ ದಟ್ಟವಾಗಿಯೂ ಕೊನೆಯಲ್ಲಿ ಬರಿದಾಗಿಯೂ ಹುಟ್ಟುತ್ತದೆ. ಈ ತಾಕಿಗೆ ಎರಡು ಸಲ ಎಡೆಕುಂಟೆ ಹೊಡೆದರು. ಈ ಎರಡು ಬಿತ್ತನೆಗಳೂ ಜುಲೈ 16ರಂದು ನಡೆದವು.

ಮೂರನೆಯ ಕ್ರಮವು ಈ ಸೀಮೆಗೆ ಹೊಸದಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಗುಣಿ ರಾಗಿಯು ಹಾವೇರಿ ಜಿಲ್ಲೆಯ ರೈತರಲ್ಲಿ ಹಿಂದಿನಿಂದ ರೂಢಿಯಲ್ಲಿರುವ ಪದ್ಧತಿ. ಅದೇ ದಿನ ಒಟ್ಟಲು ಪಾತಿಯಲ್ಲಿ ಕಾಲು ಕಿಲೋ ಬೀಜ ಹಾಕಿ, ಇಪ್ಪತ್ತೆರಡು ದಿನಗಳ ಸಸಿಯನ್ನು ಆಗಸ್ಟ್ 7ರಂದು ಕಿತ್ತು ನಾಟಿ ಮಾಡಲಾಯಿತು. ಹೊಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಗೊಂದರಂತೆ ಗೆರೆ ಎಳೆದು, ಗೆರೆಗಳು ಕೂಡುವ ಕಡೆಯಲ್ಲೆಲ್ಲಾ ಗುಣಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಎರಡು ಸಸಿಗಳನ್ನು ಊರಬೇಕು. ಹತ್ತು ಗುಂಟೆಗೆ 4,840 ಗುಣಿಗಳಾಗುತ್ತವೆ. ಗೊಬ್ಬರವು ಉಳಿದ ತಾಕುಗಳಷ್ಟೇ. ಆದರೆ ಹೊಲದ ಮೇಲೆಲ್ಲಾ ಹರಡುವ ಬದಲು ಬೇರಿನ ಬಾಯಿಗೇ ಬೀಳುತ್ತದೆ. ಗುಣಿಯ ಸತ್ವದಲ್ಲಿ ಅರ್ಧ ಇದರಲ್ಲಿದೆಯೆಂದು ನನ್ನ ಅಭಿಪ್ರಾಯ.

ಉಳಿದರ್ಧ ಕೊರಡಿನಲ್ಲಿದೆ. ನಾಟಿಯಾಗಿ ಹದಿನೈದು ದಿನಗಳ ಮೇಲೆ ಹಗುರವಾದ ಮರದ ಕೊರಡನ್ನು ಎತ್ತುಗಳಿಗೆ ಕಟ್ಟಿ ಪೈರಿನ ಮೇಲೆಯೇ ಎಳೆಯುತ್ತಾರೆ. ನೋಡುವವರಿಗೆ ಇದು ಪೈರನ್ನು ಕೊಂದಂತೆ ಕಾಣುತ್ತದೆ. ವಾಸ್ತವವಾಗಿ ಸುಳಿಯು ಬಾಗಿ ನೆಲಕ್ಕೆ ತಾಗಿದಾಗ ಬುಡದ ಮೊಗ್ಗುಗಳು ಎಚ್ಚರಗೊಂಡು ತೆಂಡೆ ಒಡೆಯುತ್ತವೆ. ಬೇರಿನ ಸುತ್ತ ಮಣ್ಣೂ ಬಿಗಿಯಾಗುತ್ತದೆ. ಒಂದೊಂದು ಸಲ ಒಂದೊಂದು ದಿಕ್ಕಿಗೆ ಮೂರು ಸಲ ಕೊರಡು, ನಡುನಡುವೆ ಎಡೆಕುಂಟೆ ಆಯಿತು. ಇದರಲ್ಲಿ ಕೆಡುವುದು ಎರಡು ವಿಧದಿಂದ. ಮಣ್ಣು ಹಸಿಯಾಗಿ ಕೊರಡಿಗೆ ಅಂಟುವಂತಿದ್ದರೆ ಪೈರು ಬೇರುಸಹಿತ ಕಿತ್ತುಬರುತ್ತದೆ. ಆ ದಿನ ನಿಲ್ಲಿಸಿ ಮಣ್ಣು ಆರುವವರೆಗೆ ಕಾಯಬೇಕು. ಎರಡನೆಯದಾಗಿ, ಕಾಲ ಮೀರಿದರೆ ದಂಟು ಮುರಿಯುತ್ತದೆ. ಪೈರಿನ ಬುಡವನ್ನು ಎರಡು ಬೆರಳುಗಳಿಂದ ಹಿಡಿದು ಮೇಲಕ್ಕೆ ಸವರಿ ನೋಡಿ. ನೆಲದ ಮೇಲೆ ಗಟ್ಟಿಯಾದ ಗಿಣ್ಣು ತಗುಲಿತೆಂದರೆ ಸುಳಿ ಮೇಲೆದ್ದಿದೆಯೆಂದು ತಿಳಿದು ಕೊರಡನ್ನು ಅಟ್ಟಕ್ಕೆ ಹಾಕಬೇಕು. ನಾಟಿಯಾದ ನಲವತ್ತೈದು ದಿನಗಳ ಮೇಲಂತೂ ಕೂಡದು.

ಮೊದಲ ತಿಂಗಳು ಊರಿನವರು ಗುಣಿ ತಾಕನ್ನು ನೋಡಿ ನಕ್ಕರು. “ಸ್ವಾಮಿ, ಇದರಲ್ಲಿ ಕುರಿ ಮಲಗಬಹುದು” ಎಂದರು ಒಬ್ಬ ವೃದ್ಧ ರೈತರು. ಸೆಪ್ಟೆಂಬರ್ ಕಳೆಯುವ ವೇಳೆಗೆ ನೆಲ ಕಾಣದಂತೆ ಮುಚ್ಚಿತು. ತೆನೆ ಬಂದ ಮೇಲೆ ಅವರೇ ಎಣಿಸಿದಾಗ ಚೆಲ್ಲಿದ ರಾಗಿಯಲ್ಲಿ ಗಿಡಕ್ಕೆ ಎರಡು ತೆನೆಗಳಿದ್ದರೆ ಗುಣಿಯೊಂದರಲ್ಲಿ ಹದಿನೈದಕ್ಕೆ ಕಡಮೆ ಇರಲಿಲ್ಲ.

ಪ್ರತಿಯೊಂದು ತಾಕನ್ನೂ ಅಂಚುಸಹಿತ ಪೂರ್ತಿಯಾಗಿ ಕೊಯ್ದು, ಬೇರೆ ಬೇರೆ ಮೆದೆ ಒಟ್ಟಿ, ಒಂದೇ ಕಣದಲ್ಲಿ ತುಳಿಸಿ, ಮೂರು ಬಿಸಿಲು ಒಣಗಿಸಿ ತೂಗಲಾಯಿತು. ಕಾಳಿಗೆ ಆ ಸಾಲಿನ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ 4,290 ರೂಪಾಯಿಗಳನ್ನೂ, ಹುಲ್ಲಿಗೆ ಊರಿನ ಬೆಲೆಯಂತೆ 400 ರೂಪಾಯಿಗಳನ್ನೂ ಹಿಡಿದಿದೆ. ಆಳಿನ ದಿನಗೂಲಿ 400 ರೂಪಾಯಿ. ಹತ್ತು ಗುಂಟೆಯ ಲೆಕ್ಕ ಹೀಗಿದೆ:

| ತಾಕು | ಕಾಳು (ಕ್ವಿಂಟಾಲ್) | ಹುಲ್ಲು (ಕ್ವಿಂಟಾಲ್) | ಉತ್ಪತ್ತಿ (ರೂ.) | ಖರ್ಚು (ರೂ.) | ಉಳಿದುದು (ರೂ.) |
|---|---|---|---|---|---|
| ಚೆಲ್ಲಿದ್ದು | 2.10 | 3.3 | 10,329 | 7,560 | 2,769 |
| ಕೂರಿಗೆ | 2.80 | 4.2 | 13,692 | 6,650 | 7,042 |
| ಗುಣಿ | 3.70 | 5.2 | 17,953 | 11,510 | 6,443 |

ಮೊದಲ ಎರಡು ಸಾಲುಗಳನ್ನು ನೋಡಿರಿ. ಕೂರಿಗೆಯಲ್ಲಿ ಎಪ್ಪತ್ತು ಕಿಲೋ ಕಾಳು ಹೆಚ್ಚು ಬಂದಿದೆ. ಖರ್ಚು ಮಾತ್ರ ಒಂಬೈನೂರಕ್ಕೂ ಹೆಚ್ಚು ಕಡಮೆಯಾಗಿದೆ. ಸಾಲು ನೇರವಾಗಿದ್ದುದರಿಂದ ಎಡೆಕುಂಟೆ ಕಳೆಯನ್ನು ತೆಗೆಯಿತು. ಚೆಲ್ಲಿದ ತಾಕಿಗೆ ಕಳೆ ಕೀಳಲು ಆರು ಆಳು ಬೇಕಾದರೆ ಇಲ್ಲಿಗೆ ಮೂವರೇ ಸಾಕಾದರು. ಹೆಚ್ಚು ಬೆಳೆಯೂ ಕಡಮೆ ಖರ್ಚೂ ಒಟ್ಟಿಗೆ ದೊರೆತಾಗ ತರ್ಕಕ್ಕೆ ಎಡೆಯಿಲ್ಲ.

ಗುಣಿಯ ವಿಷಯ ಹಾಗಲ್ಲ. ಕಾಳು ಎಲ್ಲಕ್ಕಿಂತ ಹೆಚ್ಚು. ಕೈಯಲ್ಲಿ ಉಳಿದ ಹಣ ಮಾತ್ರ ಕೂರಿಗೆಗಿಂತ 599 ರೂಪಾಯಿ ಕಡಮೆ. ಕಾರಣ ಆಳು. ಪಾತಿಯ ಆರೈಕೆ, ನಾಟಿ, ಸತ್ತ ಸಸಿ ತುಂಬುವುದು, ಕಳೆ, ಕೊಯ್ಲು ಎಲ್ಲ ಸೇರಿ ಹದಿನೆಂಟು ಆಳುಗಳಾದವು. ಕೂರಿಗೆಯ ತಾಕಿಗೆ ಏಳೂವರೆ. ನಾಟಿಯೊಂದೇ ಒಂಬತ್ತು ಆಳನ್ನು ನುಂಗಿತು. ಆಳಿನ ಕೂಲಿಯನ್ನು ಬದಿಗಿಟ್ಟು ಎರಡೂ ತಾಕುಗಳನ್ನು ತೂಗಿದರೆ ಗುಣಿಯಲ್ಲಿ 3,601 ರೂಪಾಯಿ ಹೆಚ್ಚು ಉಳಿಯುತ್ತದೆ. ಇದನ್ನು ಹೆಚ್ಚಿಗೆ ಬಿದ್ದ ಹತ್ತೂವರೆ ಆಳುಗಳಿಗೆ ಹಂಚಿದರೆ ಆಳೊಂದು ಸಂಪಾದಿಸಿದ್ದು 343 ರೂಪಾಯಿ. ಕೂಲಿ ಕೊಟ್ಟದ್ದು 400. ಮನೆಯ ಜನರೇ ದುಡಿಯುವ ಮತ್ತು ಆ ದಿನಗಳಲ್ಲಿ ಹೊರಗೆ ಕೂಲಿ ದೊರೆಯದ ಸಂಸಾರಕ್ಕೆ ಈ 343 ರೂಪಾಯಿ ನಿಜವಾದ ಲಾಭ. ಆಳಿಟ್ಟು ಮಾಡಿಸುವ ಜಮೀನುದಾರರಿಗೆ ಅದು ಆಳೊಂದಕ್ಕೆ 57 ರೂಪಾಯಿಯ ನಷ್ಟ.

ಆದರೆ ಈ 599 ರೂಪಾಯಿ ಎಂಬುದು ಹದಿನಾಲ್ಕು ಕಿಲೋ ರಾಗಿಯ ಬೆಲೆ. ಒಂದು ಹೊಲದ ಒಂದು ವರ್ಷದ ತಾಕಿನಲ್ಲಿ ಇಪ್ಪತ್ತು ಮೂವತ್ತು ಕಿಲೋಗಳ ಏರುಪೇರು ಮಣ್ಣಿನಿಂದಲೇ ಬರಬಹುದು. ಆದುದರಿಂದ ಆಳಿಡುವವರಿಗೆ ಕೂರಿಗೆಗೂ ಗುಣಿಗೂ ನಡುವೆ ಈ ತಾಕು ತೀರ್ಪು ಕೊಟ್ಟಿಲ್ಲವೆಂದೇ ನಾನು ಹೇಳುತ್ತೇನೆ. ಚೆಲ್ಲುವುದಕ್ಕೂ ಕೂರಿಗೆಗೂ ನಡುವಿನ ಎಪ್ಪತ್ತು ಕಿಲೋ ಹಾಗಲ್ಲ. ಅದು ಮಣ್ಣಿನ ಏರುಪೇರಿಗೆ ಮೀರಿದ್ದು.

ಬೆಲೆ ಇಳಿದರೆ ಗುಣಿಗೇ ಪೆಟ್ಟು ಹೆಚ್ಚು. ಬೆಂಬಲ ಬೆಲೆಯ ಕೇಂದ್ರಕ್ಕೆ ಒಯ್ಯಲಾಗದೆ ಕ್ವಿಂಟಾಲಿಗೆ 3,000ಕ್ಕೆ ಮಾರಬೇಕಾಗಿ ಬಂದಿತೆಂದು ಇಟ್ಟುಕೊಂಡರೆ, ಕೂರಿಗೆಯಲ್ಲಿ 3,430 ಉಳಿಯುತ್ತದೆ, ಗುಣಿಯಲ್ಲಿ 1,670 ಮಾತ್ರ. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಳ್ಳಲು ಸಾಧ್ಯವಿಲ್ಲದವರು ಗುಣಿಗೆ ಆಳಿಡುವ ಮುನ್ನ ಇದನ್ನು ಗಮನಿಸಬೇಕು.

ಕೊಯ್ಲಿನ ದಿನ ನೆರೆದ ರೈತರು ಹೇಳಿದ ಕೆಲವು ಮಾತುಗಳು ತಕ್ಕಡಿಗೆ ಸಿಕ್ಕುವಂತಹವಲ್ಲವಾದರೂ ಬಿಡತಕ್ಕವಲ್ಲ. ಗುಣಿಯ ಹುಲ್ಲು ದಪ್ಪವಾದುದರಿಂದ ದನಗಳು ಬುಡದ ದಂಟನ್ನು ಬಿಡುತ್ತವೆಂದು ಒಬ್ಬರು ಹೇಳಿದರು. ಕತ್ತರಿಸಿ ಹಾಕಿದರೆ ತಿನ್ನುತ್ತವೆಂದು ಇನ್ನೊಬ್ಬರು. ಹಾಗಾದರೆ ಹುಲ್ಲಿಗೆ ನಾವು ಹಿಡಿದ ಬೆಲೆಯಲ್ಲಿ ಸ್ವಲ್ಪ ಕಳೆಯಬೇಕಾಗುತ್ತದೆ. ಕಳೆ ಕಿತ್ತ ಹೆಂಗಸರಲ್ಲಿ ಹಿರಿಯರೊಬ್ಬರು, “ಅಕ್ಕಡಿ ಸಾಲು ಎಲ್ಲಿ ಅಯ್ಯಾ? ಅವರೆಕಾಳಿಲ್ಲದೆ ಬರಿಯ ಮುದ್ದೆ ನುಂಗುವುದೆ?” ಎಂದು ಕೇಳಿದರು. ಹೋಲಿಕೆಗಾಗಿ ಮೂರು ತಾಕುಗಳಲ್ಲೂ ಅಕ್ಕಡಿಯನ್ನು ಬಿಟ್ಟಿದ್ದೆವು. ಕೂರಿಗೆಯ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲನ್ನು ಸುಲಭವಾಗಿ ಸೇರಿಸಬಹುದು. ನಾಲ್ಕು ದಿಕ್ಕಿಗೂ ಕೊರಡು ಓಡಾಡುವ ಗುಣಿಯಲ್ಲಿ ಅದಕ್ಕೆ ಎಡೆಯಿಲ್ಲ. ಆ ಹೆಂಗಸಿನ ಪ್ರಶ್ನೆ ನಮ್ಮ ಲೆಕ್ಕದಲ್ಲಿ ಇಲ್ಲದ ಒಂದು ಕಲಮನ್ನು ತೋರಿಸುತ್ತದೆ, ಮತ್ತು ಅದು ಕೂರಿಗೆಯ ಕಡೆಗೇ ಸೇರತಕ್ಕದ್ದು.

ಕಾಲದ ವಿಚಾರವೂ ಇದೆ. ಕೂರಿಗೆಯ ತಾಕು ನವೆಂಬರ್ 10ಕ್ಕೆ ಕೊಯ್ಲಿಗೆ ಬಂದಿತು. ಗುಣಿಯಲ್ಲಿ ಹಿಂದುಳಿದ ತೆಂಡೆಗಳ ತೆನೆ ಇನ್ನೂ ಹಸಿರಾಗಿದ್ದುದರಿಂದ 22ರವರೆಗೆ ಕಾಯಬೇಕಾಯಿತು. ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ಹಿಡಿದಾಗ ನಮ್ಮ ರಾಗಿ ಮೆದೆಯಲ್ಲಿದ್ದಿತು. ಇನ್ನು ಹತ್ತು ದಿನ ತಡವಾಗಿದ್ದರೆ ಗುಣಿಯ ತೆನೆಗಳು ಹೊಲದಲ್ಲಿಯೇ ನೆನೆಯುತ್ತಿದ್ದವು. ಗುಣಿ ಮಾಡುವವರು ಒಟ್ಟಲನ್ನು ಜುಲೈ ಮೊದಲ ವಾರದಲ್ಲಿಯೇ ಹಾಕಿ, ಆ ತಿಂಗಳ ಕೊನೆಯ ಮಳೆಗೆ ನಾಟಿ ಮುಗಿಸುವುದು ಕ್ಷೇಮ.

ಮುಂದಿನ ಪ್ರಾತ್ಯಕ್ಷಿಕೆಯನ್ನು ಎರಡು ಬೇರೆ ಹೊಲಗಳಲ್ಲಿ, ಕೂರಿಗೆಯ ತಾಕಿಗೆ ಅಕ್ಕಡಿ ಸೇರಿಸಿ ಹಾಕುವುದಾಗಿ ಗ್ರಾಮಸ್ಥರೊಡನೆ ಗೊತ್ತುಮಾಡಿಕೊಳ್ಳಲಾಗಿದೆ. ಆಗ ಅವರೆಯನ್ನೂ ತೂಗಲಾಗುವುದು.