ಉತ್ತರದ ಮುಂದುವರಿಕೆ (ಭಾಷಾ ಮಾದರಿ)

ಉತ್ತರದ ಮುಂದುವರಿಕೆ ಎಂಬುದು ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಯೊಂದು ನೀಡುತ್ತಿದ್ದ ದೀರ್ಘ ಉತ್ತರವು ನಡುವೆ ತುಂಡಾದಾಗ, ಅದನ್ನು ನಿಂತ ಸ್ಥಳದಿಂದಲೇ ಮತ್ತೆ ಆರಂಭಿಸಿ ಪೂರ್ಣಗೊಳಿಸುವ ಕ್ರಿಯೆ. ಬಳಕೆದಾರರು ಸಾಮಾನ್ಯವಾಗಿ ‘ಮುಂದುವರಿಸಿ’ ಎಂಬ ಒಂದೇ ಪದವನ್ನು ಬರೆದು ಇದನ್ನು ಕೋರುತ್ತಾರೆ.

## ಕಾರಣ

ಭಾಷಾ ಮಾದರಿಯು ಪಠ್ಯವನ್ನು ಟೋಕನ್ ಎಂಬ ಸಣ್ಣ ತುಣುಕುಗಳಲ್ಲಿ ರಚಿಸುತ್ತದೆ. ಒಂದು ಉತ್ತರದಲ್ಲಿ ಎಷ್ಟು ಟೋಕನ್‌ಗಳಿರಬಹುದು ಎಂಬುದಕ್ಕೆ ಮಿತಿಯಿರುತ್ತದೆ. ಆ ಮಿತಿ ಮುಟ್ಟಿದೊಡನೆ ವಾಕ್ಯ ಮುಗಿಯದಿದ್ದರೂ ಬರವಣಿಗೆ ನಿಲ್ಲುತ್ತದೆ. ಅನೇಕ ಮಾದರಿಗಳಲ್ಲಿ ಕನ್ನಡದ ಒಂದು ಪದ ಇಂಗ್ಲಿಷ್ ಪದಕ್ಕಿಂತ ಹೆಚ್ಚು ತುಣುಕುಗಳಾಗಿ ಒಡೆಯುವುದರಿಂದ, ಕನ್ನಡದ ಉತ್ತರ ಬೇಗನೆ ಮಿತಿಯನ್ನು ತಲುಪುತ್ತದೆ.

ಉತ್ತರದ ಉಳಿದ ಭಾಗವು ಎಲ್ಲಿಯೋ ಸಿದ್ಧವಾಗಿದ್ದು, ತೆರೆಯ ಮೇಲೆ ಬಾರದೆ ಉಳಿದಿದೆ ಎಂಬುದು ಸಾಮಾನ್ಯವಾದ ತಪ್ಪು ಕಲ್ಪನೆ. ಮಿತಿಯಿಂದ ನಿಂತ ಉತ್ತರದ ಶೇಷಭಾಗ ಇನ್ನೂ ರಚನೆಯಾಗಿಯೇ ಇರುವುದಿಲ್ಲ. ‘ಮುಂದುವರಿಸಿ’ ಎಂದಾಗ ಮಾದರಿಯು ಮೂಲ ಪ್ರಶ್ನೆಯನ್ನೂ ಈವರೆಗಿನ ಉತ್ತರವನ್ನೂ ಆಧಾರವಾಗಿಟ್ಟುಕೊಂಡು ಮುಂದಿನ ಭಾಗವನ್ನು ಹೊಸದಾಗಿ ಬರೆಯುತ್ತದೆ.

## ಉದಾಹರಣೆ

ಜ್ಞಾನಪೀಠ ಪುರಸ್ಕೃತ ಎಂಟು ಕನ್ನಡ ಲೇಖಕರ ಪರಿಚಯವನ್ನು ಕೇಳಿದಾಗ, ಉತ್ತರವು ಕುವೆಂಪು (1967), ಬೇಂದ್ರೆ (1973), ಕಾರಂತ (1977) ಮತ್ತು ಮಾಸ್ತಿ (1983) ಅವರನ್ನು ಪರಿಚಯಿಸಿ, ಐದನೆಯ ಸಾಲಿನಲ್ಲಿ ಹೀಗೆ ನಿಂತಿತೆಂದು ಭಾವಿಸಬಹುದು:

> 5. ವಿ. ಕೃ. ಗೋಕಾಕ (1990) – ಇವರ ಮಹಾಕಾವ್ಯ ‘ಭಾರತ ಸಿಂಧು

ಇಲ್ಲಿ ಸರಿಯಾದ ಮುಂದುವರಿಕೆ ‘ರಶ್ಮಿ’ ಎಂಬ ಪದದಿಂದ ತೊಡಗಬೇಕು. ಇಲ್ಲವೇ ಐದನೆಯ ಸಾಲನ್ನು ಮೊದಲಿನಿಂದ ಪೂರ್ಣವಾಗಿ ಬರೆಯಬೇಕು. ಎರಡನೆಯ ಕ್ರಮ ಓದುವುದಕ್ಕೆ ಸುಗಮವಾದರೂ, ಎರಡು ಭಾಗಗಳನ್ನು ಜೋಡಿಸುವಾಗ ಮುರಿದ ಸಾಲನ್ನು ಅಳಿಸಬೇಕಾಗುತ್ತದೆ. ಅನಂತರ ಅನಂತಮೂರ್ತಿ (1994), ಕಾರ್ನಾಡ (1998) ಮತ್ತು ಕಂಬಾರ (2010) ಅವರು 6, 7, 8ನೆಯ ಸಂಖ್ಯೆಗಳಲ್ಲಿಯೇ ಬರಬೇಕು.

## ದೋಷಗಳು ಮತ್ತು ಪರಿಶೀಲನೆ

ಕುವೆಂಪು ಅವರಿಂದಲೇ ಮತ್ತೆ ಆರಂಭಿಸುವುದು ಕಣ್ಣಿಗೆ ಬೀಳುವ ದೋಷ. ನೇರವಾಗಿ ಅನಂತಮೂರ್ತಿಯವರಿಗೆ ಜಿಗಿಯುವುದು ಅದಕ್ಕಿಂತ ಅಪಾಯಕಾರಿ; ಹೊಸ ಭಾಗವನ್ನಷ್ಟೇ ಓದಿದವರಿಗೆ ಗೋಕಾಕರ ಪರಿಚಯ ಅರ್ಧಕ್ಕೆ ನಿಂತದ್ದು ತಿಳಿಯುವುದಿಲ್ಲ. ಆದುದರಿಂದ ಹಳೆಯ ಭಾಗದ ಕೊನೆಯ ಸಾಲನ್ನು ಹೊಸ ಭಾಗದ ಮೊದಲ ಸಾಲಿನೊಡನೆ ಕೂಡಿಸಿ ಓದಬೇಕು. ಆರಂಭದಲ್ಲಿ ಹೇಳಿದ ‘ಎಂಟು’ ಎಂಬ ಸಂಖ್ಯೆಗೆ ಪಟ್ಟಿ ಹೊಂದುವುದೇ ಎಂದು ಎಣಿಸಬೇಕು.

ಜಾಗ ತಪ್ಪಿದಲ್ಲಿ, ಕೊನೆಯ ಸಾಲನ್ನು ನಕಲಿಸಿ ‘ಇದರ ಮುಂದಿನಿಂದ ಬರೆಯಿರಿ, ಹಿಂದಿನದನ್ನು ಪುನರಾವರ್ತಿಸಬೇಡಿ’ ಎಂದು ಸೂಚಿಸುವುದು ಪರಿಣಾಮಕಾರಿ.

## ಮಿತಿಗಳು

ಮಾದರಿಯು ಒಮ್ಮೆಗೆ ಗಮನಿಸಬಲ್ಲ ಪಠ್ಯಕ್ಕೂ ಮಿತಿಯಿದೆ. ಸಂಭಾಷಣೆ ಬಹಳ ಉದ್ದವಾಗಿ ಉತ್ತರದ ಆರಂಭ ಆ ವ್ಯಾಪ್ತಿಯಿಂದ ಹೊರಗುಳಿದರೆ, ಕ್ರಮಸಂಖ್ಯೆ ಮತ್ತು ಶೈಲಿ ಬದಲಾಗಬಹುದು. ಉತ್ತರವು ಪೂರ್ಣಗೊಂಡ ಮೇಲೆಯೂ ‘ಮುಂದುವರಿಸಿ’ ಎಂದರೆ, ಮಾದರಿಯು ಪಟ್ಟಿಗೆ ಸೇರದ ಒಂಬತ್ತನೆಯ ಹೆಸರನ್ನು ಕಲ್ಪಿಸುವ ಸಾಧ್ಯತೆಯೂ ಇದೆ.