ಗಾಳಿಯಿದ್ದರೂ ಹುದುಗುವ ಗಡ್ಡೆ

1920ರ ದಶಕದಲ್ಲಿ ಬರ್ಲಿನ್ನಿನ ಓಟೋ ವಾರ್ಬರ್ಗ್ ಇಲಿಯ ಗಡ್ಡೆಯ ತೆಳು ಚೂರುಗಳನ್ನು ಗ್ಲೂಕೋಸ್ ದ್ರಾವಣದಲ್ಲಿಟ್ಟು ಅಳೆದರು. ಆಮ್ಲಜನಕ ಧಾರಾಳವಾಗಿದ್ದರೂ ಅವು ಮೊಸರಿನ ಬ್ಯಾಕ್ಟೀರಿಯಾಗಳಂತೆ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಹುದುಗಿಸುತ್ತಿದ್ದವು.

ಮೇಲ್ನೋಟಕ್ಕೆ ಇದು ನಷ್ಟದ ಬಾಬತ್ತು. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ ಸಿಗುತ್ತದೆ, ಹುದುಗಿಸಿದರೆ ಬರೀ 2. ಗಡ್ಡೆಯ ಉಸಿರಾಟವೇ ಕೆಟ್ಟಿದೆಯೆಂದು ವಾರ್ಬರ್ಗ್ ಭಾವಿಸಿದರು. ಆದರೆ ಬಹುತೇಕ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ ಕೆಲಸ ಮಾಡುತ್ತಲೇ ಇರುತ್ತವೆ.

ಹಾಗಾದರೆ ಲಾಭವೇನು? ಇಬ್ಭಾಗವಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು, ಹೊಸ ಡಿಎನ್‌ಎಗೂ ಪೊರೆಗೂ ಕಚ್ಚಾವಸ್ತು ಬೇಕು. ಗ್ಲೂಕೋಸ್ ಒಡೆಯುವ ಹಾದಿಯ ನಡುವಿನಿಂದಲೇ ಒಂದು ಪಾಲು ಆ ಕಟ್ಟಡಕ್ಕೆ ಕವಲೊಡೆಯುತ್ತದೆ. ಉಳಿದ ಬಹುಪಾಲು ಲ್ಯಾಕ್ಟೇಟ್ ಆಗಿ ಹೊರಬೀಳುತ್ತದೆ. ಅದೂ ವ್ಯರ್ಥವಲ್ಲವೆಂದೇ ನನ್ನ ಎಣಿಕೆ: ಲ್ಯಾಕ್ಟೇಟ್ ತಯಾರಾಗುವಾಗ ಎನ್‌ಎಡಿ ಎಂಬ ಸಹಾಯಕ ಅಣು ಮತ್ತೆ ಬಳಕೆಗೆ ಸಿದ್ಧವಾಗುತ್ತದೆ. ಅದು ಖಾಲಿಯಾದರೆ ಗ್ಲೂಕೋಸ್ ಒಡೆಯುವ ಕೆಲಸವೇ ನಿಲ್ಲುತ್ತದೆ.

ಈ ಸಕ್ಕರೆ ಹಸಿವೇ ಪೆಟ್ ಸ್ಕ್ಯಾನಿನ ಆಧಾರ. ವಿಕಿರಣ ಬೆರೆತ ಗ್ಲೂಕೋಸಿನಂಥ ವಸ್ತು ಗಡ್ಡೆಯೊಳಗೆ ಸಿಕ್ಕಿಕೊಂಡು ಚಿತ್ರದಲ್ಲಿ ಬೆಳಗುತ್ತದೆ. ಮಿದುಳು, ಸೋಂಕು ತಗುಲಿದ ಜಾಗಗಳೂ ಬೆಳಗುತ್ತವೆ; ಪ್ರೋಸ್ಟೇಟಿನ ಹಲವು ಗಡ್ಡೆಗಳು ಮಾತ್ರ ಮಂಕಾಗಿಯೇ ಉಳಿಯುತ್ತವೆ.